ಯುಬಿಐ ಪ್ರಬಂಧದಲ್ಲಿ ವಿರೋಧಿ ವಾದ: ಪಕ್ಷಪಾತವಿಲ್ಲದೆ ಬರೆಯೋದು ಹೇಗೆ, ಉತ್ತರ ಕೊಡೋದು ಹೇಗೆ?

"ವಿರೋಧಿ ವಾದವನ್ನೂ ಹಾಕಿದ್ದೇನೆ, ಅದಕ್ಕೆ ಉತ್ತರವನ್ನೂ ಕೊಟ್ಟಿದ್ದೇನೆ. ಆದರೂ ಪ್ರಬಂಧ ಏಕಪಕ್ಷೀಯ ಅಂತ ಮಾರ್ಕ್ಸ್ ಕಡಿಮೆ ಮಾಡಿದ್ದಾರೆ, ಯಾಕೆ?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಅದರಲ್ಲೂ ಯುಬಿಐ, ಅಂದರೆ ಎಲ್ಲರಿಗೂ ಷರತ್ತಿಲ್ಲದೆ ಹಣ ಕೊಡುವ ಯೋಜನೆಯ ಬಗ್ಗೆ ಪ್ರಬಂಧ ಬರೆದವರೇ ಜಾಸ್ತಿ ಕೇಳುತ್ತಾರೆ. ಅವರು ಕಳಿಸುವ ಪ್ಯಾರಾಗಳಲ್ಲಿ ಹೆಚ್ಚಿನವು ಹೀಗಿರುತ್ತವೆ:

"ಯುಬಿಐ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂದು ಕೆಲವರು ಹೇಳುತ್ತಾರೆ. ಆದರೆ ಇದು ತಪ್ಪು. ಫಿನ್ಲೆಂಡಿನಲ್ಲಿ ನಡೆದ ಪ್ರಯೋಗದಲ್ಲಿ ಹಣ ಪಡೆದವರು ಹೆಚ್ಚು ಸಂತೋಷವಾಗಿದ್ದರು."

ಮೂರೇ ವಾಕ್ಯ, ಅದರಲ್ಲೇ ಮೂರು ತಪ್ಪು. ಒಂದು, ವಿರೋಧಿಯ ವಾದವನ್ನು ಅದರ ಅತ್ಯಂತ ಸೊರಗಿದ ರೂಪದಲ್ಲಿ ಇಟ್ಟಿದ್ದಾರೆ. ಎರಡು, ಪುರಾವೆ ಕೊಡುವ ಮೊದಲೇ ತೀರ್ಪು ಕೊಟ್ಟಿದ್ದಾರೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಆಕ್ಷೇಪ ಇರುವುದು ದುಡಿಮೆಯ ಬಗ್ಗೆ, ಉತ್ತರ ಕೊಟ್ಟಿರುವುದು ಸಂತೋಷದ ಬಗ್ಗೆ. ಕೇಳಿದ್ದೇ ಒಂದು, ಹೇಳಿದ್ದೇ ಇನ್ನೊಂದು.

ಈ ಪ್ಯಾರಾವನ್ನೇ ಹಂತ ಹಂತವಾಗಿ ರಿಪೇರಿ ಮಾಡೋಣ.

ಮೊದಲು ಪದಗಳ ಪರಿಚಯ. ಯುಬಿಐ ಅಂದರೆ ಸಾರ್ವತ್ರಿಕ ಮೂಲ ಆದಾಯ. ಎಲ್ಲರಿಗೂ, ಯಾವ ಷರತ್ತೂ ಇಲ್ಲದೆ, ನಿಯಮಿತವಾಗಿ, ನಗದಾಗಿ ಕೊಡುವ ಹಣ. ಪ್ರತಿವಾದ ಅಂದರೆ ನಿಮ್ಮ ನಿಲುವಿನ ವಿರುದ್ಧ ಬರುವ ವಾದ. ಖಂಡನೆ ಅಂದರೆ ಅದಕ್ಕೆ ನೀವು ಕೊಡುವ ಉತ್ತರ. ಖಂಡನೆ ಎಂಬ ಪದ ಕೇಳಿದರೆ ಎದುರಾಳಿಯನ್ನು ಕೆಡವಬೇಕೇನೋ ಅನ್ನಿಸುತ್ತದೆ, ಅದಕ್ಕೇ ನಾನು ಇಲ್ಲಿ 'ಉತ್ತರ' ಅಂತಲೇ ಬರೆಯುತ್ತೇನೆ. ಈ ಎರಡರ ನಡುವೆ ಮೂರನೆಯದೊಂದಿದೆ: ಒಪ್ಪಿಗೆ. ವಿರೋಧಿ ಹೇಳಿದ್ದರಲ್ಲಿ ಎಷ್ಟು ನಿಜವೋ ಅಷ್ಟನ್ನು ಒಪ್ಪಿಕೊಳ್ಳುವ ಭಾಗ ಅದು. ಹೆಚ್ಚಿನವರ ಪ್ಯಾರಾದಲ್ಲಿ ಇದು ಇರುವುದೇ ಇಲ್ಲ.

ಏನೇನು ಬೇಕು? ನಿಮ್ಮ ನಿಲುವು ಒಂದು ವಾಕ್ಯದಲ್ಲಿ, ಒಂದೇ ಒಂದು ಆಕ್ಷೇಪ, ಅದಕ್ಕೆ ಸಂಬಂಧಿಸಿದ ಎರಡು ಅಧ್ಯಯನಗಳು. ಪ್ರಬಂಧ ಸಾವಿರ ಪದದ್ದಾದರೆ ಈ ಪ್ಯಾರಾಕ್ಕೆ ಸುಮಾರು 150ರಿಂದ 200 ಪದ ಇಟ್ಟುಕೊಳ್ಳಿ. ಬೇಕಾದರೆ ಅದನ್ನೇ ಎರಡು ಪ್ಯಾರಾ ಮಾಡಬಹುದು.

1. ನಿಮ್ಮ ನಿಲುವನ್ನು ಒಂದು ವಾಕ್ಯಕ್ಕೆ ಇಳಿಸಿ

"ಯುಬಿಐ ಒಳ್ಳೆಯದು" ಅನ್ನುವುದು ನಿಲುವಲ್ಲ. ಯಾವುದಕ್ಕಿಂತ ಒಳ್ಳೆಯದು, ಯಾಕೆ ಒಳ್ಳೆಯದು ಎರಡೂ ಅದರಲ್ಲಿರಬೇಕು. ಈ ಲೇಖನದುದ್ದಕ್ಕೂ ನಾವು ಈ ನಿಲುವನ್ನು ಇಟ್ಟುಕೊಳ್ಳೋಣ:

"ಷರತ್ತಿನ ಮೇಲೆ ಕೊಡುವ ನೆರವಿಗಿಂತ ಯುಬಿಐ ಮೇಲು, ಏಕೆಂದರೆ ಷರತ್ತಿನ ನೆರವು ಕೆಲಸ ಸಿಕ್ಕ ಕೂಡಲೇ ಕಡಿತವಾಗುತ್ತದೆ, ಯುಬಿಐ ಆಗುವುದಿಲ್ಲ."

ಈ ವಾಕ್ಯದಲ್ಲಿ ಒಂದು ಹೋಲಿಕೆ ಇದೆ, ಗಮನಿಸಿ. ಯುಬಿಐಯನ್ನು ಏನೂ ಕೊಡದ ಸ್ಥಿತಿಯ ಜೊತೆ ಹೋಲಿಸುತ್ತಿಲ್ಲ, ಷರತ್ತಿನ ನೆರವಿನ ಜೊತೆ ಹೋಲಿಸುತ್ತಿದ್ದೇವೆ. ಇದು ಸಣ್ಣ ವ್ಯತ್ಯಾಸ ಅನ್ನಿಸಬಹುದು. ನಾಲ್ಕನೇ ಹಂತದಲ್ಲಿ ಇಡೀ ಪ್ಯಾರಾ ನಿಲ್ಲುವುದು ಇದರ ಮೇಲೆಯೇ.

2. ಒಂದೇ ಆಕ್ಷೇಪ ಆರಿಸಿ, ತಟ್ಟುವಂಥದ್ದನ್ನೇ ಆರಿಸಿ

ಯುಬಿಐ ವಿರುದ್ಧ ಸಾಮಾನ್ಯವಾಗಿ ಬರುವ ಆಕ್ಷೇಪಗಳು ನಾಲ್ಕು: ಖರ್ಚು ವಿಪರೀತ, ಬೆಲೆ ಏರುತ್ತದೆ, ಶ್ರೀಮಂತರಿಗೆ ಯಾಕೆ ಕೊಡಬೇಕು, ಜನ ದುಡಿಯುವುದು ಬಿಡುತ್ತಾರೆ. ನಾಲ್ಕನ್ನೂ ಒಂದೇ ಪ್ಯಾರಾಕ್ಕೆ ತುರುಕಿದರೆ ಒಂದೊಂದಕ್ಕೆ ಒಂದೊಂದು ವಾಕ್ಯ ಸಿಗುತ್ತದೆ, ಯಾವುದಕ್ಕೂ ಉತ್ತರ ಸಿಗುವುದಿಲ್ಲ.

ಆರಿಸುವಾಗ ಹೀಗೆ ಕೇಳಿಕೊಳ್ಳಿ: ಈ ಆಕ್ಷೇಪ ನಿಜವಾದರೆ ನನ್ನ ನಿಲುವು ಬಿದ್ದುಹೋಗುತ್ತದಾ? ನಮ್ಮ ನಿಲುವಿನ ಕಾರಣ ಇರುವುದೇ ಕೆಲಸದ ಸುತ್ತ. ಹಾಗಾಗಿ ದುಡಿಮೆಯ ಆಕ್ಷೇಪ ನೇರವಾಗಿ ಬುಡಕ್ಕೇ ತಟ್ಟುತ್ತದೆ. ಶ್ರೀಮಂತರಿಗೆ ಯಾಕೆ ಎಂಬ ಪ್ರಶ್ನೆ ಅಷ್ಟು ತಟ್ಟುವುದಿಲ್ಲ, ಕೊಟ್ಟದ್ದನ್ನು ತೆರಿಗೆಯಲ್ಲಿ ವಾಪಸ್ ಪಡೆಯಬಹುದು ಅಂದುಬಿಟ್ಟರೆ ಮುಗಿಯಿತು. ಹೀಗೆ ಸುಲಭವಾಗಿ ಮುಗಿಯುವುದನ್ನು ಆರಿಸಿಕೊಳ್ಳುವುದೇ ಬರೆಯುವವರ ಚಾಳಿ. ಓದುವವರಿಗೆ ಅದು ಗೊತ್ತಾಗುತ್ತದೆ.

3. ವಿರೋಧಿಯೇ ತಲೆದೂಗುವ ಹಾಗೆ ಅವರ ವಾದ ಬರೆಯಿರಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಅನ್ಯಾಯವಾಗುವುದು ಹೆಚ್ಚಾಗಿ ಇಲ್ಲೇ.

"ಜನ ಸೋಮಾರಿಗಳಾಗುತ್ತಾರೆ" ಅನ್ನುವುದು ವಾದವಲ್ಲ, ಬೈಗುಳ. ಯುಬಿಐಯನ್ನು ಗಂಭೀರವಾಗಿ ವಿರೋಧಿಸುವವರು ಜನರ ಗುಣದ ಬಗ್ಗೆ ಮಾತಾಡುವುದಿಲ್ಲ, ಲೆಕ್ಕದ ಬಗ್ಗೆ ಮಾತಾಡುತ್ತಾರೆ. ಅವರ ವಾದಕ್ಕೆ ಎರಡು ಕಾಲುಗಳಿವೆ. ಮೊದಲನೆಯದನ್ನು ಅರ್ಥಶಾಸ್ತ್ರದಲ್ಲಿ ಆದಾಯ ಪರಿಣಾಮ ಅನ್ನುತ್ತಾರೆ. ಕೈಗೆ ಹೆಚ್ಚು ಹಣ ಬಂದಾಗ ಮನುಷ್ಯ ಒಂದಷ್ಟನ್ನು ಬಿಡುವಿನ ರೂಪದಲ್ಲಿ 'ಖರ್ಚು' ಮಾಡುತ್ತಾನೆ, ಅಂದರೆ ಕಡಿಮೆ ಗಂಟೆ ದುಡಿಯುತ್ತಾನೆ. ಇದರಲ್ಲಿ ಸೋಮಾರಿತನದ ಮಾತಿಲ್ಲ. ಸಂಬಳ ಏರಿದಾಗ ಓವರ್‌ಟೈಮ್ ಬಿಡುವವರೂ ಇದನ್ನೇ ಮಾಡುವುದು. ಎರಡನೆಯದು ತೆರಿಗೆಗೆ ಸಂಬಂಧಿಸಿದ್ದು. ಎಲ್ಲರಿಗೂ ಕೊಡುವ ಹಣ ತೆರಿಗೆಯಿಂದ ಬರಬೇಕು. ತೆರಿಗೆ ಏರಿದರೆ ಇನ್ನೊಂದು ಗಂಟೆ ಹೆಚ್ಚು ದುಡಿದಾಗ ಕೈಗೆ ಉಳಿಯುವುದು ಕಡಿಮೆಯಾಗುತ್ತದೆ. ಆಗ ಆ ಇನ್ನೊಂದು ಗಂಟೆ ಬೇಡ ಅನ್ನಿಸಬಹುದು.

ಇವೆರಡನ್ನೂ ಸೇರಿಸಿ ಬರೆದರೆ ಹೀಗಾಗುತ್ತದೆ:

"ಯುಬಿಐಯ ವಿರುದ್ಧ ಇರುವ ಬಲವಾದ ಆಕ್ಷೇಪ ದುಡಿಮೆಗೆ ಸಂಬಂಧಿಸಿದ್ದು. ಷರತ್ತಿಲ್ಲದೆ ಹಣ ಬರುತ್ತಿದ್ದರೆ ಅದೇ ಜೀವನಮಟ್ಟಕ್ಕೆ ಮೊದಲಿನಷ್ಟು ಗಂಟೆ ದುಡಿಯಬೇಕಾಗಿಲ್ಲ. ಆ ಹಣವನ್ನು ತೆರಿಗೆಯಿಂದ ತರಬೇಕಾದ್ದರಿಂದ ದುಡಿಯುವವರ ಕೈಗೆ ಉಳಿಯುವ ಪಾಲೂ ಇಳಿಯುತ್ತದೆ. ಎರಡೂ ಸೇರಿ ದುಡಿಮೆ ಕುಗ್ಗಿದರೆ, ಯೋಜನೆಯನ್ನು ಸಾಕುವ ತೆರಿಗೆಯ ಮೂಲವೇ ಬತ್ತಬಹುದು."

ಇದನ್ನು ಓದಿದ ಯುಬಿಐ ವಿರೋಧಿ "ಹೌದು, ನಾನು ಹೇಳೋದು ಇದನ್ನೇ" ಅನ್ನುತ್ತಾರೆ. ನಿಮಗೆ ಸ್ವಲ್ಪ ಇರುಸುಮುರುಸಾದರೆ ಒಳ್ಳೆಯದೇ, ವಾದ ಸರಿಯಾಗಿ ಬಂದಿದೆ ಅಂತಲೇ ಅರ್ಥ.

ಅವರ ಕೈಯಲ್ಲಿರುವ ಒಳ್ಳೆಯ ಪುರಾವೆಯನ್ನೂ ನೀವೇ ಕೊಡಬೇಕು. ಹಾಗೊಂದು ಅಧ್ಯಯನ ಇದೆ. ಅಮೆರಿಕದ ಟೆಕ್ಸಸ್ ಮತ್ತು ಇಲಿನಾಯ್ ರಾಜ್ಯಗಳಲ್ಲಿ 2020ರಿಂದ ಮೂರು ವರ್ಷ ಓಪನ್‌ರಿಸರ್ಚ್ ಎಂಬ ಸಂಸ್ಥೆ ನಡೆಸಿದ ಪ್ರಯೋಗ ಅದು. 21ರಿಂದ 40 ವರ್ಷದೊಳಗಿನ, ಕಡಿಮೆ ಆದಾಯದ 1,000 ಜನರಿಗೆ ತಿಂಗಳಿಗೆ 1,000 ಡಾಲರ್ ಷರತ್ತಿಲ್ಲದೆ ಸಿಕ್ಕಿತು. ಹೋಲಿಕೆಯ ಗುಂಪಿನ 2,000 ಜನರಿಗೆ ತಿಂಗಳಿಗೆ 50 ಡಾಲರ್. 2024ರಲ್ಲಿ ಫಲಿತಾಂಶ ಬಂತು. ಹೋಲಿಕೆಯ ಗುಂಪಿಗಿಂತ ಹಣ ಪಡೆದವರು ವಾರಕ್ಕೆ ಸುಮಾರು 1.3 ಗಂಟೆ ಕಡಿಮೆ ದುಡಿದಿದ್ದರು. ಕೆಲಸದಲ್ಲಿ ಇರುವವರ ಅಥವಾ ಕೆಲಸ ಹುಡುಕುತ್ತಿರುವವರ ಪ್ರಮಾಣ 2 ಶೇಕಡಾ ಅಂಶದಷ್ಟು ತಗ್ಗಿತ್ತು. ಅವರ ಸಂಗಾತಿಗಳ ದುಡಿಮೆಯೂ ಹೆಚ್ಚುಕಮ್ಮಿ ಅಷ್ಟೇ ಇಳಿದಿತ್ತು.

ಯುಬಿಐ ಪರ ಬರೆಯುವವರು ಇದನ್ನು ಮುಚ್ಚಿಡಲು ನೋಡುತ್ತಾರೆ. ಮುಚ್ಚಿಡಬೇಡಿ. ವಿಷಯ ಗೊತ್ತಿರುವ ಓದುಗ ಮೊದಲು ಹುಡುಕುವುದೇ ಇದನ್ನು.

ಎಚ್ಚರಿಕೆ ಒಂದು: ಕ್ರಿಯಾಪದಗಳನ್ನು ನೋಡಿಕೊಳ್ಳಿ. ನಿಮ್ಮ ಕಡೆಯವರು 'ತೋರಿಸಿಕೊಡುತ್ತಾರೆ', ವಿರೋಧಿಗಳು 'ಹುಯಿಲೆಬ್ಬಿಸುತ್ತಾರೆ' ಅಂತ ಬರೆದರೆ ಅಲ್ಲಿಗೆ ನ್ಯಾಯ ಮುಗಿಯಿತು. ಕನ್ನಡದಲ್ಲಿ ಇನ್ನೂ ಸೂಕ್ಷ್ಮವಾದದ್ದೊಂದಿದೆ. "ಜನ ಕೆಲಸ ಬಿಡುತ್ತಾರಂತೆ" ಅಂದರೆ ಸಾಕು, ಒಂದು 'ಅಂತೆ'ಯಲ್ಲೇ ವ್ಯಂಗ್ಯ ಬಂದುಬಿಡುತ್ತದೆ. "ಎಂಬ ಭಯವಿದೆ" ಎಂಬುದೂ ಹಾಗೆಯೇ. ವಾದವನ್ನು ಭಯ ಅಂತ ಕರೆದರೆ ಅದಕ್ಕೆ ಕಾರಣವೇ ಇಲ್ಲ ಅಂದ ಹಾಗಾಗುತ್ತದೆ. "ಎಂಬ ಆಕ್ಷೇಪವಿದೆ", "ಎಂದು ವಾದಿಸುತ್ತಾರೆ" ಸಾಕು.

ಎಚ್ಚರಿಕೆ ಎರಡು: ಅಂಕಿಯನ್ನು ಬೇಕಾದ ಹಾಗೆ ಮಡಚಬೇಡಿ. ವಾರಕ್ಕೆ 1.3 ಗಂಟೆ ಅಂದರೆ 78 ನಿಮಿಷ. "ದಿನಕ್ಕೆ ಬರೀ 11 ನಿಮಿಷ" ಅಂತ ಬರೆದರೆ ಏನೂ ಅಲ್ಲ ಅನ್ನಿಸುತ್ತದೆ. "ವರ್ಷಕ್ಕೆ ಎಂಟು ಕೆಲಸದ ದಿನ" ಅಂತ ಬರೆದರೆ ದೊಡ್ಡದಾಗಿ ಕಾಣುತ್ತದೆ. ಎರಡೂ ಒಂದೇ ಲೆಕ್ಕ. ಅಧ್ಯಯನ ಯಾವ ಅಳತೆಯಲ್ಲಿ ಹೇಳಿದೆಯೋ ಅದರಲ್ಲೇ ಕೊಡಿ. ಇನ್ನೊಂದು ವಿಷಯ, ಇದು ಸರಾಸರಿ. ಎಲ್ಲರೂ ಒಂದೊಂದು ಗಂಟೆ ಬಿಟ್ಟರು ಅಂತಲ್ಲ. ಹೆಚ್ಚಿನವರು ಮೊದಲಿನ ಹಾಗೇ ದುಡಿದು, ಕೆಲವರು ಕೆಲಸವನ್ನೇ ಬಿಟ್ಟರೂ ಸರಾಸರಿ ಹೀಗೇ ಬರಬಹುದು.

4. ಪ್ರತಿ ಪುರಾವೆಗೂ ಕೇಳಿ: ಯಾರನ್ನು ಯಾರ ಜೊತೆ ಹೋಲಿಸಿದ್ದಾರೆ?

ಉತ್ತರ ಬರೆಯುವ ಮೊದಲು ಈ ಒಂದು ಪ್ರಶ್ನೆ ಕೇಳಿಕೊಂಡರೆ ಅರ್ಧ ಕೆಲಸ ಆದ ಹಾಗೆ. ಯಾವ ಪ್ರಯೋಗವೇ ಆಗಲಿ, ಅದರಲ್ಲಿ ಹಣ ಪಡೆದ ಗುಂಪೊಂದು, ಹೋಲಿಕೆಗೆ ಇಟ್ಟ ಗುಂಪೊಂದು ಇರುತ್ತವೆ. ಆ ಎರಡನೇ ಗುಂಪಿಗೆ ಏನು ಸಿಗುತ್ತಿತ್ತು ಅನ್ನುವುದರ ಮೇಲೆ ಫಲಿತಾಂಶದ ಅರ್ಥವೇ ಬದಲಾಗುತ್ತದೆ.

ಮೇಲಿನ ಅಮೆರಿಕದ ಪ್ರಯೋಗ ತಗೊಳ್ಳಿ. ಅಲ್ಲಿ ಹೋಲಿಕೆ 1,000 ಡಾಲರಿಗೂ 50 ಡಾಲರಿಗೂ ನಡುವೆ. ಅಂದರೆ ಅದು ಉತ್ತರಿಸುವ ಪ್ರಶ್ನೆ "ಈಗಿರುವುದರ ಮೇಲೆ ದೊಡ್ಡ ಮೊತ್ತ ಸೇರಿದರೆ ದುಡಿಮೆ ಏನಾಗುತ್ತದೆ?" ಎಂಬುದು. ಷರತ್ತಿನ ನೆರವನ್ನು ತೆಗೆದು ಅದರ ಜಾಗದಲ್ಲಿ ಷರತ್ತಿಲ್ಲದ ನೆರವು ಕೊಟ್ಟರೆ ಏನಾಗುತ್ತದೆ ಅನ್ನುವುದು ಅದರ ಪ್ರಶ್ನೆಯಲ್ಲ.

ಈಗ ಫಿನ್ಲೆಂಡ್. ಅಲ್ಲಿನ ಸಾಮಾಜಿಕ ವಿಮಾ ಸಂಸ್ಥೆ ಕೆಲಾ 2017 ಮತ್ತು 2018ರಲ್ಲಿ ನಡೆಸಿದ ಪ್ರಯೋಗ ಇದು. ನಿರುದ್ಯೋಗ ಭತ್ಯೆ ಪಡೆಯುತ್ತಿದ್ದ, 25ರಿಂದ 58 ವರ್ಷದೊಳಗಿನ 2,000 ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿ ತಿಂಗಳಿಗೆ 560 ಯೂರೋ ಕೊಟ್ಟರು. ಕೆಲಸ ಸಿಕ್ಕರೂ ಆ ಹಣ ನಿಲ್ಲುತ್ತಿರಲಿಲ್ಲ. ಹೋಲಿಕೆಗೆ ಇಟ್ಟುಕೊಂಡದ್ದು ಮಾಮೂಲಿ ಭತ್ಯೆಯಲ್ಲೇ ಇದ್ದ ನಿರುದ್ಯೋಗಿಗಳನ್ನು. ಅಂದರೆ ಷರತ್ತಿಲ್ಲದ ನೆರವು ಒಂದು ಕಡೆ, ಷರತ್ತಿನ ನೆರವು ಇನ್ನೊಂದು ಕಡೆ. ನಮ್ಮ ನಿಲುವಿನ ವಾಕ್ಯದಲ್ಲಿರುವ ಹೋಲಿಕೆಯೂ ಇದೇ ಅಲ್ವಾ?

ಫಲಿತಾಂಶ: ಮೊದಲ ವರ್ಷ ಎರಡು ಗುಂಪುಗಳ ಉದ್ಯೋಗದಲ್ಲಿ ಗಮನಿಸುವಂಥ ವ್ಯತ್ಯಾಸ ಇರಲಿಲ್ಲ. 2017ರ ನವೆಂಬರಿನಿಂದ 2018ರ ಅಕ್ಟೋಬರ್‌ವರೆಗಿನ ಲೆಕ್ಕದಲ್ಲಿ ಹಣ ಪಡೆದವರು ಸರಾಸರಿ 78 ದಿನ ಕೆಲಸದಲ್ಲಿದ್ದರು, ಹೋಲಿಕೆಯ ಗುಂಪಿಗಿಂತ ಸುಮಾರು 6 ದಿನ ಹೆಚ್ಚು.

ಇಲ್ಲಿ ಬೀಳುವವರು ಬಹಳ ಮಂದಿ. "ಫಿನ್ಲೆಂಡಿನಲ್ಲಿ ಯುಬಿಐ ಉದ್ಯೋಗ ಹೆಚ್ಚಿಸಿತು" ಅಂತ ಬರೆದುಬಿಡುತ್ತಾರೆ. ಅಷ್ಟು ಹೇಳುವ ಹಾಗಿಲ್ಲ. 2018ರ ಆರಂಭದಲ್ಲಿ ಅಲ್ಲಿನ ಸರ್ಕಾರ ನಿರುದ್ಯೋಗ ಭತ್ಯೆಯ ನಿಯಮಗಳನ್ನು ಬಿಗಿ ಮಾಡಿತು. ಆ ಬಿಸಿ ಎರಡು ಗುಂಪುಗಳಿಗೂ ಸಮನಾಗಿ ತಟ್ಟಲಿಲ್ಲ. ಹಾಗಾಗಿ ಆ 6 ದಿನದಲ್ಲಿ ಎಷ್ಟು ಮೂಲ ಆದಾಯದಿಂದ, ಎಷ್ಟು ಹೊಸ ನಿಯಮದಿಂದ ಅಂತ ಬೇರ್ಪಡಿಸಲಾಗದು. ಖಚಿತವಾಗಿ ಹೇಳಬಹುದಾದದ್ದು ಇಷ್ಟೇ: ಷರತ್ತು ತೆಗೆದದ್ದರಿಂದ ಉದ್ಯೋಗ ಕುಸಿದ ಲಕ್ಷಣ ಕಾಣಲಿಲ್ಲ. ನಮಗೆ ಬೇಕಾದದ್ದೂ ಅಷ್ಟೇ.

ಜೊತೆಗೆ ಫಿನ್ಲೆಂಡಿನ ಪ್ರಯೋಗ ಸಾರ್ವತ್ರಿಕವೂ ಅಲ್ಲ. ನಿರುದ್ಯೋಗಿಗಳಿಗೆ ಮಾತ್ರ ಕೊಟ್ಟದ್ದು. ಆಗಲೇ ಕೆಲಸದಲ್ಲಿದ್ದವರು ಗಂಟೆ ಕಡಿಮೆ ಮಾಡುತ್ತಾರಾ, ತೆರಿಗೆ ಏರಿದರೆ ಏನಾಗುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಅಲಾಸ್ಕಾದ ಉದಾಹರಣೆಯೂ ಆಗಾಗ ಬರುತ್ತದೆ. 1982ರಿಂದ ಅಲ್ಲಿನ ನಿವಾಸಿಗಳಿಗೆಲ್ಲ ವರ್ಷಕ್ಕೊಮ್ಮೆ ಹಣ ಹಂಚುತ್ತಿದ್ದಾರೆ, ಒಟ್ಟು ಉದ್ಯೋಗ ಇಳಿದಿಲ್ಲ, ಅರೆಕಾಲಿಕ ಕೆಲಸ ಮಾಡುವವರು ಸ್ವಲ್ಪ ಹೆಚ್ಚಿದ್ದಾರೆ ಅಂತ ಅಧ್ಯಯನ ಹೇಳುತ್ತದೆ. ಸಾರ್ವತ್ರಿಕ ಅನ್ನುವುದಕ್ಕೆ ಇದು ಚೆನ್ನಾಗಿದೆ. ಆದರೆ ಮೊತ್ತ ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಸಾವಿರ ಡಾಲರ್ ಅಷ್ಟೇ, ಅದರಲ್ಲಿ ಬದುಕು ನಡೆಯುವುದಿಲ್ಲ. ಹಣ ಬರುವುದು ತೈಲದ ಆದಾಯದಿಂದ ಕಟ್ಟಿದ ನಿಧಿಯಿಂದ, ಜನರ ತೆರಿಗೆಯಿಂದಲ್ಲ. ನಮ್ಮ ವಿರೋಧಿಯ ಎರಡನೇ ಕಾಲು ತೆರಿಗೆಯ ಮೇಲೇ ನಿಂತಿದೆ, ಅದನ್ನು ಅಲಾಸ್ಕಾ ಮುಟ್ಟುವುದೇ ಇಲ್ಲ. ಹಾಗಾಗಿ ನಾನಾದರೆ ಈ ಪ್ಯಾರಾದಲ್ಲಿ ಅಲಾಸ್ಕಾವನ್ನು ಬಿಡುತ್ತೇನೆ.

5. ಒಪ್ಪಿಗೆ ಬರೆಯಿರಿ, ಅಳತೆ ಹಾಕಿ ಬರೆಯಿರಿ

"ಈ ವಾದದಲ್ಲಿ ಸ್ವಲ್ಪ ಸತ್ಯಾಂಶವಿದೆ" ಎಂಬ ವಾಕ್ಯವನ್ನು ಹೊಡೆದುಹಾಕಿ. ಅದು ಏನನ್ನೂ ಒಪ್ಪುವುದಿಲ್ಲ. ಯಾವುದು ನಿಜ, ಎಷ್ಟು ನಿಜ ಅಂತ ಹೇಳಿ:

"ಈ ಆಕ್ಷೇಪಕ್ಕೆ ಆಧಾರವಿದೆ. ಅಮೆರಿಕದ ಎರಡು ರಾಜ್ಯಗಳಲ್ಲಿ 2020ರಿಂದ ನಡೆದ ಪ್ರಯೋಗದಲ್ಲಿ ತಿಂಗಳಿಗೆ 1,000 ಡಾಲರ್ ಪಡೆದವರು ವಾರಕ್ಕೆ ಸುಮಾರು 1.3 ಗಂಟೆ ಕಡಿಮೆ ದುಡಿದರು."

ಒಪ್ಪಿಗೆ ಕೊಟ್ಟ ತಕ್ಷಣ ಅದನ್ನು ಸಿಹಿ ಮಾಡುವ ಆಸೆಯಾಗುತ್ತದೆ. "ಆ ಉಳಿದ ಸಮಯವನ್ನು ಅವರು ಮಕ್ಕಳ ಆರೈಕೆಗೆ, ಓದಿಗೆ ಬಳಸಿರಬೇಕು" ಅಂತ ಸೇರಿಸುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಅದೇ ಅಧ್ಯಯನ ಜನ ಸಮಯವನ್ನು ಹೇಗೆ ಕಳೆದರು ಅಂತಲೂ ನೋಡಿದೆ. ಎಲ್ಲಕ್ಕಿಂತ ಹೆಚ್ಚಿದ್ದು ಬಿಡುವಿನ ಸಮಯ. ಬಿಡುವೂ ಬೆಲೆಯುಳ್ಳದ್ದೇ ಅಂತ ನೀವು ವಾದಿಸಬಹುದು, ಅದು ಪ್ರಾಮಾಣಿಕ ದಾರಿ. ಇಲ್ಲದ ಆರೈಕೆಯನ್ನು ಅಂಕಿಗಳ ಒಳಗೆ ತೂರಿಸುವುದು ಬೇಡ.

6. ಉತ್ತರವನ್ನು ಅದೇ ಆಕ್ಷೇಪಕ್ಕೆ ಕೊಡಿ

ಆಕ್ಷೇಪದ ಮುಖ್ಯ ಪದ ಯಾವುದೋ ಅದೇ ಪದ ಉತ್ತರದಲ್ಲೂ ಬರಬೇಕು. ಇಲ್ಲಿ ಅದು 'ದುಡಿಮೆ'. ಉತ್ತರದ ವಾಕ್ಯಗಳಲ್ಲಿ ದುಡಿಮೆ, ಕೆಲಸ, ಉದ್ಯೋಗ ಯಾವುದೂ ಇಲ್ಲ, ಬದಲಿಗೆ ಆರೋಗ್ಯ, ಘನತೆ, ನೆಮ್ಮದಿ ಇದೆ ಅಂದರೆ ನೀವು ವಿಷಯ ಬದಲಿಸಿದ್ದೀರಿ. ನೆಮ್ಮದಿಯ ಮಾತು ಮುಖ್ಯವೇ, ಅದಕ್ಕೆ ಬೇರೆ ಪ್ಯಾರಾ ಕೊಡಿ.

ಉತ್ತರ ಕೊಡಲು ನಿಮ್ಮ ಮುಂದೆ ಮೂರು ದಾರಿಗಳಿವೆ. "ಅದು ನಡೆಯುವುದೇ ಇಲ್ಲ" ಅನ್ನುವುದು ಮೊದಲನೆಯದು. 1.3 ಗಂಟೆಯ ಲೆಕ್ಕವನ್ನು ಒಪ್ಪಿದ ಮೇಲೆ ಆ ದಾರಿ ಮುಚ್ಚಿತು. "ನಡೆಯುತ್ತದೆ, ಆದರೆ ಪರವಾಗಿಲ್ಲ" ಅನ್ನುವುದು ಎರಡನೆಯದು. ಇದಕ್ಕೆ ಎಷ್ಟು ಇಳಿದರೆ ಪರವಾಗಿಲ್ಲ ಅಂತ ನೀವು ಹೇಳಬೇಕಾಗುತ್ತದೆ, ಅದು ಕಷ್ಟ. "ನಡೆಯುತ್ತದೆ, ಆದರೆ ನಾನು ಮಾಡುತ್ತಿರುವ ಹೋಲಿಕೆಯಲ್ಲಿ ಅದು ನನ್ನ ನಿಲುವನ್ನು ಬೀಳಿಸುವುದಿಲ್ಲ" ಅನ್ನುವುದು ಮೂರನೆಯದು. ನಮ್ಮ ನಿಲುವಿಗೆ ಇದೇ ಹೊಂದುತ್ತದೆ. ಷರತ್ತಿನ ನೆರವೂ ದುಡಿಮೆಯನ್ನು ತಡೆಯುತ್ತದೆ, ಕೆಲಸಕ್ಕೆ ಸೇರಿದರೆ ಭತ್ಯೆ ಹೋಗುತ್ತದೆ ಅನ್ನುವ ಲೆಕ್ಕದಿಂದ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡರಲ್ಲಿ ಯಾವುದು ಹೆಚ್ಚು ತಡೆಯುತ್ತದೆ ಎಂಬುದು.

ಉತ್ತರದ ಕೊನೆಗೆ, ಎಲ್ಲಿಗೆ ಅದರ ಬಲ ಮುಗಿಯುತ್ತದೆ ಅಂತಲೂ ಒಂದು ವಾಕ್ಯ ಹಾಕಿ. ನಮ್ಮ ವಿಷಯದಲ್ಲಿ ಅದು ತೆರಿಗೆ. ಈ ಯಾವ ಪ್ರಯೋಗದಲ್ಲೂ ಹಣ ಪಡೆದವರ ಮೇಲೆ ಅದನ್ನು ತುಂಬಿಸಲು ತೆರಿಗೆ ಏರಿಸಿರಲಿಲ್ಲ. ಪ್ರಯೋಗಗಳೆಲ್ಲ ಎರಡು ಮೂರು ವರ್ಷದವು ಕೂಡ. ಇಂದಲ್ಲ ನಾಳೆ ಹಣ ನಿಲ್ಲುತ್ತದೆ ಅಂತ ಗೊತ್ತಿದ್ದವರು ಕಾಯಂ ಕೆಲಸ ಬಿಡುವ ಮೊದಲು ಎರಡು ಸಲ ಯೋಚಿಸುತ್ತಾರೆ.

7. ಎಲ್ಲವನ್ನೂ ಕೂಡಿಸಿ

ರಿಪೇರಿಯಾದ ಪ್ಯಾರಾ ಇದು:

"ಯುಬಿಐಯ ವಿರುದ್ಧ ಇರುವ ಬಲವಾದ ಆಕ್ಷೇಪ ದುಡಿಮೆಗೆ ಸಂಬಂಧಿಸಿದ್ದು. ಷರತ್ತಿಲ್ಲದೆ ಹಣ ಬರುತ್ತಿದ್ದರೆ ಅದೇ ಜೀವನಮಟ್ಟಕ್ಕೆ ಮೊದಲಿನಷ್ಟು ಗಂಟೆ ದುಡಿಯಬೇಕಾಗಿಲ್ಲ. ಆ ಹಣವನ್ನು ತೆರಿಗೆಯಿಂದ ತರಬೇಕಾದ್ದರಿಂದ ದುಡಿಯುವವರ ಕೈಗೆ ಉಳಿಯುವ ಪಾಲೂ ಇಳಿಯುತ್ತದೆ. ಎರಡೂ ಸೇರಿ ದುಡಿಮೆ ಕುಗ್ಗಿದರೆ, ಯೋಜನೆಯನ್ನು ಸಾಕುವ ತೆರಿಗೆಯ ಮೂಲವೇ ಬತ್ತಬಹುದು. ಈ ಆಕ್ಷೇಪಕ್ಕೆ ಆಧಾರವಿದೆ. ಅಮೆರಿಕದ ಎರಡು ರಾಜ್ಯಗಳಲ್ಲಿ 2020ರಿಂದ ನಡೆದ ಪ್ರಯೋಗದಲ್ಲಿ ತಿಂಗಳಿಗೆ 1,000 ಡಾಲರ್ ಪಡೆದವರು, 50 ಡಾಲರ್ ಪಡೆದವರಿಗಿಂತ ವಾರಕ್ಕೆ ಸುಮಾರು 1.3 ಗಂಟೆ ಕಡಿಮೆ ದುಡಿದರು. ದುಡಿಮೆ ಒಂದಿಷ್ಟು ತಗ್ಗುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ಷರತ್ತಿನ ನೆರವೂ ದುಡಿಮೆಗೆ ಅಡ್ಡಿಯೇ, ಏಕೆಂದರೆ ಕೆಲಸ ಸಿಕ್ಕ ಕೂಡಲೇ ಅದು ಕಡಿತವಾಗುತ್ತದೆ. ಫಿನ್ಲೆಂಡ್ 2017–18ರಲ್ಲಿ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿತು. ಷರತ್ತಿಲ್ಲದೆ ತಿಂಗಳಿಗೆ 560 ಯೂರೋ ಪಡೆದ ನಿರುದ್ಯೋಗಿಗಳು ಮಾಮೂಲಿ ಭತ್ಯೆ ಪಡೆದವರಿಗಿಂತ ಕಡಿಮೆ ದಿನ ದುಡಿಯಲಿಲ್ಲ. ತೆರಿಗೆ ಏರಿದಾಗ ಏನಾಗುತ್ತದೆ ಎಂಬುದನ್ನು ಈ ಪ್ರಯೋಗ ಪರೀಕ್ಷಿಸಿಲ್ಲ, ಆ ಪ್ರಶ್ನೆ ಉಳಿಯುತ್ತದೆ. ಷರತ್ತು ತೆಗೆದ ಮಾತ್ರಕ್ಕೆ ಜನ ಕೆಲಸದಿಂದ ದೂರ ಸರಿಯುತ್ತಾರೆ ಎಂಬುದಕ್ಕೆ ಮಾತ್ರ ಇಲ್ಲಿ ಆಧಾರ ಸಿಗುವುದಿಲ್ಲ."

'ಆದರೆ' ಎಷ್ಟು ಸಲ ಬಂದಿದೆ ನೋಡಿ. ಒಂದೇ ಸಲ, ಒಪ್ಪಿಗೆ ಮುಗಿದು ಉತ್ತರ ಶುರುವಾಗುವಲ್ಲಿ. ಕರಡಿನಲ್ಲಿ ಮೂರು ನಾಲ್ಕು 'ಆದರೆ' ಇದ್ದರೆ ನೀವು ಅತ್ತಿಂದಿತ್ತ ಓಲಾಡುತ್ತಿದ್ದೀರಿ, ಓದುಗನಿಗೆ ಈಗ ಯಾರು ಮಾತಾಡುತ್ತಿದ್ದಾರೆ ಅಂತಲೇ ತಿಳಿಯುವುದಿಲ್ಲ.

ಆಕ್ಷೇಪ ಮತ್ತು ಒಪ್ಪಿಗೆಗೆ ಹೋದ ಜಾಗ ಉತ್ತರಕ್ಕೆ ಹೋದದ್ದಕ್ಕಿಂತ ತುಸು ಹೆಚ್ಚೇ ಇದೆ. ಇದರಿಂದ ನಿಮ್ಮ ಕಡೆ ದುರ್ಬಲವಾಗುವುದಿಲ್ಲ. ಕೊನೆಯ ಮಾತು ನಿಮ್ಮದೇ ತಾನೆ.

8. ನಿಲುವಿನ ವಾಕ್ಯಕ್ಕೆ ವಾಪಸ್ ಹೋಗಿ

ಇದನ್ನು ಮಾಡುವವರು ಕಡಿಮೆ. ದುಡಿಮೆ ತಗ್ಗುತ್ತದೆ ಅಂತ ಐದನೇ ಪ್ಯಾರಾದಲ್ಲಿ ಒಪ್ಪಿ, ಮೊದಲ ಪ್ಯಾರಾದಲ್ಲಿ "ಯುಬಿಐಯಿಂದ ದುಡಿಮೆಗೆ ಯಾವ ಧಕ್ಕೆಯೂ ಇಲ್ಲ" ಅಂತ ಬಿಟ್ಟಿರುತ್ತಾರೆ. ನಮ್ಮ ನಿಲುವು ಈಗ ಹೀಗಾಗಬೇಕು:

"ಒಟ್ಟು ದುಡಿಮೆ ಸ್ವಲ್ಪ ತಗ್ಗಬಹುದಾದರೂ, ಷರತ್ತಿನ ನೆರವಿಗಿಂತ ಯುಬಿಐ ಮೇಲು, ಏಕೆಂದರೆ ಅದು ಕೆಲಸಕ್ಕೆ ಸೇರಿದವರ ನೆರವನ್ನು ಕಸಿದುಕೊಳ್ಳುವುದಿಲ್ಲ."

ಮುಕ್ತಾಯದ ಪ್ಯಾರಾದಲ್ಲೂ ಇದೇ ಮಾತು ಬರಬೇಕು. ತೆರಿಗೆಯ ಪ್ರಶ್ನೆ ಉಳಿಯಿತು ಅಂತ ಹೇಳಿದ್ದೀರಿ, ಹಾಗಾಗಿ "ಕೂಡಲೇ ಜಾರಿಗೆ ತರಬೇಕು" ಅಂತ ಮುಗಿಸಿದರೆ ನೀವೇ ಬರೆದದ್ದಕ್ಕೆ ನೀವೇ ವಿರುದ್ಧ ಹೋದ ಹಾಗೆ.

9. ಕೊಡುವ ಮೊದಲು ಒಂದು ಪರೀಕ್ಷೆ

ಪ್ಯಾರಾದ ಮೊದಲ ಅರ್ಧವನ್ನು, ಅಂದರೆ ಆಕ್ಷೇಪದ ಭಾಗವನ್ನು ಮಾತ್ರ, ಬೇರೆ ಹಾಳೆಗೆ ಬರೆದು ಯಾರಿಗಾದರೂ ಓದಲು ಕೊಡಿ. "ಇದನ್ನು ಬರೆದವರು ಯುಬಿಐ ಪರವೋ, ವಿರುದ್ಧವೋ?" ಅಂತ ಕೇಳಿ. "ವಿರುದ್ಧ" ಅಥವಾ "ಗೊತ್ತಾಗಲ್ಲ" ಅಂದರೆ ಪಾಸು. "ಪರ" ಅಂತ ತಟ್ಟನೆ ಹೇಳಿದರೆ ಯಾವ ಪದದಿಂದ ಗೊತ್ತಾಯಿತು ಅಂತ ಕೇಳಿ, ಆ ಪದ ಬದಲಿಸಿ. ಸಾಮಾನ್ಯವಾಗಿ ಸಿಕ್ಕಿಬೀಳುವುದು 'ಕೇವಲ', 'ಎಂದಿನಂತೆ', 'ಎಂಬ ಭ್ರಮೆ' ಇಂಥವೇ.

ಪರೀಕ್ಷಾ ಕೊಠಡಿಯಲ್ಲಿ ಕೂತಿದ್ದೀರಿ, ಇಷ್ಟೆಲ್ಲ ಸಮಯ ಇಲ್ಲ, ಅಂಕಿ ನೆನಪಿಲ್ಲ ಅಂದರೆ? ಅಂಕಿ ಬಿಟ್ಟುಬಿಡಿ, ಸುಮ್ನೆ ಊಹಿಸಿ ಬರೆಯಬೇಡಿ. ಎರಡೂವರೆ ಗಂಟೆಯೋ ಐದು ಗಂಟೆಯೋ ಅಂತ ತಪ್ಪು ಬರೆಯುವುದಕ್ಕಿಂತ "ದುಡಿಮೆಯ ಗಂಟೆಗಳು ಸ್ವಲ್ಪ ತಗ್ಗಿದವು" ಅನ್ನುವುದು ಮೇಲು. ನಾಲ್ಕೇ ವಾಕ್ಯ ಬರೆಯಲು ಜಾಗ ಇದ್ದರೆ, ಎರಡು ಆಕ್ಷೇಪಕ್ಕೆ, ಒಂದು ಒಪ್ಪಿಗೆಗೆ, ಒಂದು ಉತ್ತರಕ್ಕೆ ಇಡಿ. ಒಪ್ಪಿಗೆಯ ವಾಕ್ಯವನ್ನು ಮಾತ್ರ ಯಾವ ಕಾರಣಕ್ಕೂ ಕತ್ತರಿಸಬೇಡಿ. ಜಾಗ ಸಾಲದಿದ್ದರೆ ನಿಮ್ಮ ಉತ್ತರದಿಂದಲೇ ಅರ್ಧ ವಾಕ್ಯ ತೆಗೆಯಿರಿ.